ಸುರಕ್ಷಿತ ವಲಯ: ಮೊಬೈಲ್ ಆಟಗಳಲ್ಲಿ

ಫೋನಿನ ಪರದೆಯಲ್ಲಿ ಕ್ಯಾಮೆರಾದ ನಾಚ್, ದುಂಡು ಮೂಲೆ ಮತ್ತು ಅಂಚಿನ ಸನ್ನೆ ಪಟ್ಟಿಗಳನ್ನು ಬಿಟ್ಟು ಉಳಿಯುವ ಆಯತಕ್ಕೆ ಸುರಕ್ಷಿತ ವಲಯ ಎನ್ನುತ್ತಾರೆ. ಆಟದ ದೃಶ್ಯ ಪರದೆಯ ತುದಿಯವರೆಗೂ ಹರಡಬಹುದು. ಒತ್ತಬೇಕಾದ ಬಟನ್ ಮತ್ತು ಓದಬೇಕಾದ ಅಂಕಗಳು ಮಾತ್ರ ಈ ಆಯತದೊಳಗೆ ಇರಬೇಕು. ಫೋನನ್ನು ಅಡ್ಡ ಹಿಡಿದು ಆಡುವ ಆಟಗಳಲ್ಲಿ ಇದು ಹೆಚ್ಚು ತೊಡಕಿನದು, ಏಕೆಂದರೆ ಹೆಬ್ಬೆರಳುಗಳು ಆಯಾಸವಿಲ್ಲದೆ ತಲುಪುವುದು ಅಂಚು ಮತ್ತು ಮೂಲೆಗಳನ್ನು, ತಯಾರಕರು ಕೊರೆದು ದುಂಡಾಗಿಸಿದ್ದೂ ಅವನ್ನೇ.

ಈ ಯೋಚನೆ ಫೋನಿಗಿಂತ ಹಳೆಯದು. ಹಳೆಯ ಗಾಜಿನ ಕೊಳವೆಯ ಟೀವಿಗಳಲ್ಲಿ ಚಿತ್ರದ ಅಂಚು ಚೌಕಟ್ಟಿನ ಹಿಂದೆ ಮರೆಯಾಗುತ್ತಿತ್ತು. ಎಷ್ಟು ಮರೆಯಾಗುತ್ತದೆ ಎಂಬುದು ಒಂದೊಂದು ಟೀವಿಯಲ್ಲಿ ಒಂದೊಂದು ರೀತಿ. ಆದ್ದರಿಂದ ಪ್ರಸಾರದವರು ಅಕ್ಷರಗಳನ್ನು ಅಗಲ ಮತ್ತು ಎತ್ತರಗಳ ನಡುಭಾಗದ ಶೇಕಡಾ 80ರೊಳಗೆ, ಮುಖ್ಯ ಚಟುವಟಿಕೆಯನ್ನು ಶೇಕಡಾ 90ರೊಳಗೆ ಇಡುವ ರೂಢಿ ಮಾಡಿಕೊಂಡರು. ಟೀವಿಗೆ ಜೋಡಿಸಿ ಆಡುವ ಕನ್ಸೋಲ್ ಆಟಗಳೂ ಇದನ್ನೇ ಪಾಲಿಸಿದವು. ಮೊದಲ ಸ್ಮಾರ್ಟ್‌ಫೋನ್ ಆಟಗಳಿಗೆ ಇದರ ಅಗತ್ಯ ಬೀಳಲಿಲ್ಲ. ಪರದೆ ನಾಲ್ಕು ಚೂಪು ಮೂಲೆಗಳ ಆಯತವಾಗಿತ್ತು, ಬಟನ್ನನ್ನು ಮೂಲೆಗೆ ಒತ್ತಿ ಇಟ್ಟರೂ ಪೂರ್ತಿ ಕಾಣುತ್ತಿತ್ತು.

2017ರಲ್ಲಿ ಆ ನಂಬಿಕೆ ಮುರಿಯಿತು. ಎಲ್‌ಜಿ ಜಿ6, ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್8 ಫೋನುಗಳ ಮೂಲೆಗಳು ದುಂಡಾದವು. ಎಸೆನ್ಶಿಯಲ್ ಫೋನ್ ಕ್ಯಾಮೆರಾಗಾಗಿ ಪರದೆಯನ್ನೇ ಕಚ್ಚಿತು. ನವೆಂಬರ್ 3ರಂದು ಮಾರುಕಟ್ಟೆಗೆ ಬಂದ ಐಫೋನ್ ಎಕ್ಸ್ ಎರಡನ್ನೂ ಒಟ್ಟಿಗೆ ತಂದಿತು. ಆ ವರ್ಷದ ಐಓಎಸ್ 11ರಲ್ಲಿ ಆ್ಯಪಲ್ `safeAreaInsets` ಎಂಬ ಅಳತೆಗಳನ್ನು ಕೊಟ್ಟಿತು. ಪ್ರತಿ ಅಂಚಿನಿಂದ ಎಷ್ಟು ಒಳಗೆ ಸರಿಯಬೇಕೆಂದು ಅವು ಹೇಳುತ್ತವೆ. ಹೊಸ ವ್ಯವಸ್ಥೆಗೆ ಕಟ್ಟಿರದ ಹಳೆಯ ಆಟಗಳು ಐಫೋನ್ ಎಕ್ಸ್‌ನಲ್ಲಿ ಕಪ್ಪು ಪಟ್ಟಿಗಳ ನಡುವೆ ತೆರೆದುಕೊಳ್ಳುತ್ತಿದ್ದವು. 2018ರ ಏಪ್ರಿಲ್‌ನಿಂದ ಆ್ಯಪ್ ಸ್ಟೋರಿಗೆ ಹೊಸದಾಗಿ ಬರುವ ಆಟಗಳು ಈ ಪರದೆಗೆ ಹೊಂದಿಕೊಳ್ಳುವುದು ಕಡ್ಡಾಯವಾಯಿತು.

ಐಫೋನ್ ಎಕ್ಸ್ ಅನ್ನು ಅಡ್ಡ ಹಿಡಿದಾಗ ಆಗುವ ಲೆಕ್ಕ ಹೀಗಿದೆ. ಪರದೆ 2436 × 1125 ಪಿಕ್ಸೆಲ್. ಎಡಕ್ಕೂ ಬಲಕ್ಕೂ 44 ಪಾಯಿಂಟ್, ಕೆಳಗೆ ಸನ್ನೆ ಪಟ್ಟಿಗಾಗಿ 21 ಪಾಯಿಂಟ್, ಮೇಲೆ ಏನೂ ಇಲ್ಲ. ಈ ಫೋನಿನಲ್ಲಿ ಒಂದು ಪಾಯಿಂಟಿಗೆ 3 ಪಿಕ್ಸೆಲ್, ಹಾಗಾಗಿ ಎರಡೂ ಪಕ್ಕ 132, ಕೆಳಗೆ 63 ಪಿಕ್ಸೆಲ್ ಬಿಟ್ಟುಕೊಡಬೇಕು. ಉಳಿಯುವುದು 2172 × 1062. ನಾಚ್ ಇರುವುದು ಒಂದೇ ಬದಿಯಲ್ಲಾದರೂ ಆ್ಯಪಲ್ ಎರಡೂ ಬದಿಗೆ ಸಮಾನ ಜಾಗ ಬಿಡಿಸಿತು. ಅಗಲದಲ್ಲಿ ಶೇಕಡಾ 11ರಷ್ಟು ಜಾಗ ಹೋಗುತ್ತದೆ, ಆದರೆ ಫೋನನ್ನು ಯಾವ ಕಡೆ ತಿರುಗಿಸಿದರೂ ಬಟನ್ನುಗಳು ಕದಲುವುದಿಲ್ಲ. ಬೆರಳಿನ ಅಭ್ಯಾಸದ ಮೇಲೆ ನಿಂತ ಆಟಗಳಿಗೆ ಈ ನಷ್ಟ ತಕ್ಕ ಬೆಲೆಯೇ.

ಬಹಳಷ್ಟು ಮೊಬೈಲ್ ಆಟಗಳನ್ನು ಕಟ್ಟುವ ಯೂನಿಟಿ ಎಂಜಿನ್ 2017ರ ಕೊನೆಯ ಹೊತ್ತಿಗೆ ಈ ಆಯತವನ್ನು `Screen.safeArea` ಎಂಬ ಹೆಸರಿನಲ್ಲಿ ಕೊಡತೊಡಗಿತು. ಬಟನ್ನುಗಳನ್ನೆಲ್ಲ ಒಂದು ಪ್ಯಾನೆಲ್ ಒಳಗೆ ಹಾಕಿ, ಆ ಪ್ಯಾನೆಲ್ಲಿನ ಆಂಕರ್‌ಗಳನ್ನು ಆಯತಕ್ಕೆ ಹೊಂದಿಸುವ ಪದ್ಧತಿ ಬೇಗನೆ ನೆಲೆಯೂರಿತು:

```csharp
Rect s = Screen.safeArea;
Vector2 size = new Vector2(Screen.width, Screen.height);
panel.anchorMin = s.min / size;
panel.anchorMax = s.max / size;
```

ಐಫೋನ್ ಎಕ್ಸ್‌ನಲ್ಲಿ ಇದು ಪ್ಯಾನೆಲ್ಲಿನ ಎಡ ಅಂಚನ್ನು ಅಗಲದ 0.054ರಲ್ಲಿ, ಬಲ ಅಂಚನ್ನು 0.946ರಲ್ಲಿ ನಿಲ್ಲಿಸುತ್ತದೆ. ಪ್ಯಾನೆಲ್ಲಿನ ಆಫ್‌ಸೆಟ್‌ಗಳು ಸೊನ್ನೆಯಾಗಿರಬೇಕು. ಹಿನ್ನೆಲೆ ಚಿತ್ರವನ್ನೂ ಇದೇ ಪ್ಯಾನೆಲ್ ಒಳಗೆ ಇಟ್ಟರೆ ಪರದೆಯ ಎರಡೂ ಪಕ್ಕ ಬರಿಯ ಪಟ್ಟಿ ಕಾಣಿಸುತ್ತದೆ. ಹಿನ್ನೆಲೆ ಹೊರಗೆ, ಬಟನ್ನುಗಳು ಒಳಗೆ ಎಂಬ ವಿಂಗಡಣೆ ಮೊದಲ ದಿನವೇ ಆಗಬೇಕು. ನೂರಾರು ಬಟನ್ ಇಟ್ಟಾದ ಮೇಲೆ ಬೇರ್ಪಡಿಸುವುದು ಕಷ್ಟ.

ಆಂಡ್ರಾಯ್ಡ್ ಕಡೆ ಸ್ವಲ್ಪ ಕಾಲ ಗೊಂದಲವಿತ್ತು. 2018ರ ಮೊದಲರ್ಧದಲ್ಲಿ ಹುವಾವೇ, ಶಿಯೋಮಿ, ಒಪ್ಪೋ, ವಿವೋ ನಾಚ್ ಫೋನುಗಳನ್ನು ತಂದಾಗ ನಾಚ್ ಇದೆಯೇ ಎಂದು ಕೇಳುವ ವಿಧಾನ ಪ್ರತಿ ಕಂಪನಿಗೂ ಬೇರೆಯಿತ್ತು, ಆಟದವರು ಒಂದೊಂದಕ್ಕೂ ಪ್ರತ್ಯೇಕ ಕೋಡ್ ಬರೆದರು. ಆ ಆಗಸ್ಟ್‌ನಲ್ಲಿ ಬಂದ ಆಂಡ್ರಾಯ್ಡ್ 9, `DisplayCutout` ಎಂಬ ಒಂದೇ ದಾರಿ ಮಾಡಿತು. ಆಟ ತಾನಾಗಿ ಕೇಳಿಕೊಳ್ಳದಿದ್ದರೆ ಅಡ್ಡ ಹಿಡಿದಾಗ ನಾಚ್ ಬದಿಗೆ ಕಪ್ಪು ಪಟ್ಟಿ ಬೀಳುತ್ತಿತ್ತು. `shortEdges` ಎಂದು ಕೇಳಿದರೆ ಪೂರ್ತಿ ಪರದೆ ಸಿಗುತ್ತಿತ್ತು, ಜೊತೆಗೆ ಬಟನ್ನುಗಳನ್ನು ಒಳಗೆ ಸರಿಸುವ ಹೊಣೆಯೂ ಆಟದ ಮೇಲೆ ಬೀಳುತ್ತಿತ್ತು.

ಆಂಡ್ರಾಯ್ಡ್ ಸಾಮಾನ್ಯವಾಗಿ ನಾಚ್ ಇರುವ ಬದಿಗಷ್ಟೇ ಜಾಗ ಬಿಡಿಸುತ್ತದೆ. ಇಲ್ಲಿಂದ ಒಂದು ಹಟಮಾರಿ ದೋಷ ಹುಟ್ಟಿತು. 2340 × 1080 ಪರದೆಯಲ್ಲಿ 80 ಪಿಕ್ಸೆಲ್ ಆಳದ ನಾಚ್ ಎಡಕ್ಕಿದೆ ಎಂದುಕೊಳ್ಳೋಣ. ಸುರಕ್ಷಿತ ಆಯತ 80ರಿಂದ ಶುರುವಾಗಿ 2260 ಅಗಲವಿರುತ್ತದೆ. ಆಟಗಾರ ಫೋನನ್ನು ಅರ್ಧ ಸುತ್ತು ತಿರುಗಿಸಿದರೆ ನಾಚ್ ಬಲಕ್ಕೆ ಬರುತ್ತದೆ, ಆಯತ 0ಯಿಂದ ಶುರುವಾಗುತ್ತದೆ. ಆದರೆ ಪರದೆಯ ಅಗಲವಾಗಲಿ ಎತ್ತರವಾಗಲಿ ಬದಲಾಗಿಲ್ಲ. ಆ ಅಳತೆಗಳು ಬದಲಾದಾಗ ಮಾತ್ರ ಎಚ್ಚರಗೊಳ್ಳುವ ಕೋಡ್ ಸುಮ್ಮನಿರುತ್ತದೆ, ಬಲಗಡೆಯ ಬಟನ್ ನಾಚ್ ಹಿಂದೆ ಸೇರುತ್ತದೆ. ಎಡಗಡೆ ಕಾರಣವಿಲ್ಲದ ಖಾಲಿ ಜಾಗ ಕಂಡರೆ ಇದೇ ದೋಷವೆಂದು ತಿಳಿಯಬಹುದು. ಪ್ರತಿ ಫ್ರೇಮಿನಲ್ಲೂ `safeArea` ಹಿಂದಿನಂತೆಯೇ ಇದೆಯೇ ಎಂದು ಹೋಲಿಸಿ ನೋಡುವುದೇ ಪರಿಹಾರ.

ಅಳತೆಯನ್ನು ಕೋಡಿನಲ್ಲಿ ಬರೆದಿಟ್ಟವರಿಗೆ 2022ರಲ್ಲಿ ತೊಂದರೆ ಬಂತು. ಐಫೋನ್ 14 ಪ್ರೊದಲ್ಲಿ ನಾಚ್ ಹೋಗಿ ಡೈನಾಮಿಕ್ ಐಲ್ಯಾಂಡ್ ಬಂದಾಗ ಅಡ್ಡ ಹಿಡಿದ ಪಕ್ಕದ ಅಳತೆ 59 ಪಾಯಿಂಟ್ ಆಯಿತು. 44ನ್ನೇ ನೆಚ್ಚಿದ್ದ ಆಟದಲ್ಲಿ ಬಟನ್ ಬೇಕಾದದ್ದಕ್ಕಿಂತ 45 ಪಿಕ್ಸೆಲ್ ಹೊರಗೆ ನಿಲ್ಲುತ್ತದೆ.

ದುಂಡು ಮೂಲೆಯ ಕತೆ ಬೇರೆ. ನಾಚಿಗಾಗಿ ಕೊಟ್ಟ ಆಂಡ್ರಾಯ್ಡ್ ಅಳತೆಯಲ್ಲಿ ಮೂಲೆಯ ಲೆಕ್ಕವಿರಲಿಲ್ಲ. ಮೇಲಿನ ಉದಾಹರಣೆಯಲ್ಲೇ ನಾಚ್ ಇಲ್ಲದ ಬದಿಗೆ ಬಿಡಬೇಕಾದ ಜಾಗ ಸೊನ್ನೆ ಎಂದು ವ್ಯವಸ್ಥೆ ಹೇಳುತ್ತದೆ, ಅದನ್ನು ನಂಬಿ ಮೇಲಿನ ಬಲ ಮೂಲೆಗೆ ಒತ್ತಿ ಇಟ್ಟ ಚೌಕಾಕಾರದ ವಿರಾಮ ಬಟನ್ನಿನ ತುದಿ ಕತ್ತರಿಸಿ ಹೋಗುತ್ತದೆ. ಮೂಲೆ ಒಂದು ವೃತ್ತದ ಭಾಗ ಎಂದಿಟ್ಟುಕೊಂಡರೆ, ಚೌಕದ ತುದಿ ಉಳಿಯಲು ಎರಡೂ ಅಂಚುಗಳಿಂದ ವೃತ್ತದ ತ್ರಿಜ್ಯದ 0.293 ಪಾಲಿನಷ್ಟು ಒಳಗಿರಬೇಕು. ತ್ರಿಜ್ಯ 100 ಪಿಕ್ಸೆಲ್ ಇದ್ದರೆ 30 ಪಿಕ್ಸೆಲ್ ಸಾಕು. ಆ ತ್ರಿಜ್ಯವನ್ನು ತಿಳಿಯಲು ಆಂಡ್ರಾಯ್ಡ್‌ನಲ್ಲಿ ನೇರ ದಾರಿಯಾದ `RoundedCorner` ಬಂದದ್ದು 2021ರ ಆಂಡ್ರಾಯ್ಡ್ 12ರಲ್ಲಿ. ಅಲ್ಲಿಯವರೆಗೆ, ಮತ್ತು ಹಳೆಯ ಫೋನುಗಳಲ್ಲಿ ಈಗಲೂ, ಆಟದವರು ಅಂದಾಜಿನ ಅಂಚು ಬಿಡುತ್ತಾರೆ.

ಆಯತ ಅಗತ್ಯಕ್ಕಿಂತ ಹೆಚ್ಚು ಜಾಗ ನುಂಗುವುದೂ ಉಂಟು. 2019ರ ಗ್ಯಾಲಕ್ಸಿ ಎಸ್10ರಲ್ಲಿ ಕ್ಯಾಮೆರಾ ಒಂದು ಮೂಲೆಯ ಬಳಿಯ ಸಣ್ಣ ರಂಧ್ರ, ಆದರೂ ಸುರಕ್ಷಿತ ವಲಯ ಆ ಬದಿಯ ಇಡೀ ಪಟ್ಟಿಯನ್ನೇ ಬಿಟ್ಟುಕೊಡುತ್ತದೆ. ರಂಧ್ರ ಎಲ್ಲಿದೆ ಎಂಬುದನ್ನು ಆಂಡ್ರಾಯ್ಡ್ `getBoundingRects` ಮೂಲಕ, ಯೂನಿಟಿ `Screen.cutouts` ಮೂಲಕ ಹೇಳುತ್ತವೆ. ಅದನ್ನು ಬಳಸಿ ಪಟ್ಟಿಯ ಉಳಿದ ಭಾಗದಲ್ಲಿ ನಕ್ಷೆಯನ್ನೋ ಅಂಕವನ್ನೋ ಇಡಬಹುದು, ಆದರೆ ಫೋನು ತಿರುಗಿದಾಗ ಅದೂ ಜಾಗ ಬದಲಿಸಬೇಕಾಗುತ್ತದೆ.

2024ರ ಆಂಡ್ರಾಯ್ಡ್ 15ಕ್ಕೆ ಗುರಿಯಿಟ್ಟು ಕಟ್ಟಿದ ಆಟಗಳಿಗೆ ಕಪ್ಪು ಪಟ್ಟಿಯ ಆಸರೆ ತಪ್ಪಿತು. ಹಳೆಯ ಆಯ್ಕೆಗಳನ್ನು ಬರೆದಿದ್ದರೂ ವ್ಯವಸ್ಥೆ ಪೂರ್ತಿ ಪರದೆಗೇ ಹರಡುತ್ತದೆ, ಆರು ವರ್ಷ ಈ ಕೆಲಸವನ್ನು ಮುಂದೂಡಿದ್ದವರ ಬಟನ್ನುಗಳು ನೇರವಾಗಿ ನಾಚ್ ಕೆಳಗೆ ಹೋಗುತ್ತವೆ. ಪರೀಕ್ಷೆಗೆ ನಾಚ್ ಇರುವ ಫೋನೇ ಬೇಕೆಂದಿಲ್ಲ. ಆಂಡ್ರಾಯ್ಡ್‌ನ ಡೆವಲಪರ್ ಆಯ್ಕೆಗಳಲ್ಲಿ ಕೃತಕ ನಾಚ್ ಹಾಕಿಕೊಳ್ಳಬಹುದು, ಎರಡೂ ತುದಿಗೆ ನಾಚ್ ಇರುವ ಮಾದರಿಯೂ ಅಲ್ಲಿದೆ. ಮೂಲೆಯ ನಾಚ್ ಆರಿಸಿ, ಆಟ ನಡೆಯುತ್ತಿರುವಾಗಲೇ ಫೋನನ್ನು ಅರ್ಧ ಸುತ್ತು ತಿರುಗಿಸಿ ನೋಡಿದರೆ ಮೇಲೆ ಹೇಳಿದ ತಿರುಗುವಿಕೆಯ ದೋಷ ಇದ್ದಲ್ಲಿ ಆಗಲೇ ಕಾಣುತ್ತದೆ.