ಶಾಲಾ ದ್ವಾರದ ತಂಬಾಕು ಜಾಗೃತಿ: ಹದಿಹರೆಯದವರನ್ನು ತಲುಪುವ ಘೋಷವಾಕ್ಯಗಳು

ಮೇ 31ರ ವಿಶ್ವ ತಂಬಾಕು ರಹಿತ ದಿನ ಸಮೀಪಿಸಿದಂತೆ ಶಾಲೆಗಳ ಮುಂದೆ ಫಲಕಗಳು, ಜಾಥಾಗಳು ಕಾಣಿಸಿಕೊಳ್ಳುತ್ತವೆ. ಬಹುಪಾಲು ಫಲಕಗಳಲ್ಲಿ ‘ತಂಬಾಕು ಆರೋಗ್ಯಕ್ಕೆ ಹಾನಿಕರ’ ಎಂಬ ಅದೇ ಮಾತಿರುತ್ತದೆ. ಮಾತು ಸತ್ಯವೇ, ಆದರೆ ಪ್ರತಿ ಪ್ಯಾಕೆಟ್ಟಿನ ಮೇಲೂ ಇಂಥದೇ ಎಚ್ಚರಿಕೆಯನ್ನು ಕಂಡು ಕಣ್ಣು ಪಳಗಿದ ಬಾಲಕನಿಗೆ ಅದು ಗೋಡೆಯ ಬಣ್ಣದಷ್ಟೇ ಪರಿಚಿತ. ಹದಿನಾಲ್ಕರ ವಯಸ್ಸಿನವನಿಗೆ ಐವತ್ತರಲ್ಲಿ ಬರಬಹುದಾದ ಕ್ಯಾನ್ಸರ್ ಬಹಳ ದೂರದ ಸಂಗತಿ. ಗೆಳೆಯರ ನಡುವಿನ ಮರ್ಯಾದೆ, ಬಾಯಿಯ ವಾಸನೆ, ಆಟದಲ್ಲಿನ ದಮ್ಮು, ತಾನು ಮೋಸಹೋಗುತ್ತಿದ್ದೇನೆಂಬ ಅರಿವು ಇವು ಹತ್ತಿರದವು. ಘೋಷವಾಕ್ಯವು ಇವುಗಳಲ್ಲೊಂದನ್ನು ಹಿಡಿದು ಹೊರಡಬೇಕು.

ಒಂದು ಉದಾಹರಣೆಯನ್ನು ವಿವರವಾಗಿ ನೋಡೋಣ. ನಮ್ಮ ರಾಜ್ಯದಲ್ಲಿ 2013ರಲ್ಲಿಯೇ ಗುಟ್ಕಾ ನಿಷೇಧವಾಯಿತು. ಅದರ ಬಳಿಕ ಪಾನ್ ಮಸಾಲ ಒಂದು ಪ್ಯಾಕೆಟ್ಟಿನಲ್ಲಿ, ತಂಬಾಕು ಇನ್ನೊಂದರಲ್ಲಿ ಬರತೊಡಗಿತು. ಕೊಂಡವನೇ ಎರಡನ್ನೂ ಬೆರೆಸಿಕೊಳ್ಳುತ್ತಾನೆ. ಆದ್ದರಿಂದ ‘ಸಿಗರೇಟು ಸೇದಬೇಡ’ ಎಂಬ ಫಲಕ ಇಂಥ ಬಾಲಕನನ್ನು ಮುಟ್ಟುವುದೇ ಇಲ್ಲ. ಅದು ತನಗೆ ಹೇಳಿದ್ದಲ್ಲವೆಂದು ಅವನು ಮುಂದೆ ಸಾಗುತ್ತಾನೆ. ಜಗಿಯುವವರಲ್ಲಿ ಬಾಯಿಯ ಒಳಚರ್ಮ ಬಿಗಿದುಕೊಳ್ಳುವ ಕಾಯಿಲೆಯೊಂದಿದೆ. ಮೊದಲು ಖಾರದ ಊಟ ಉರಿಯುತ್ತದೆ. ಕ್ರಮೇಣ ಬಾಯಿ ತೆರೆಯುವುದೇ ಕಷ್ಟವಾಗುತ್ತದೆ. ಇದಕ್ಕೆ ಮುಖ್ಯ ಕಾರಣ ಅಡಿಕೆಯಾದ್ದರಿಂದ, ತಂಬಾಕಿಲ್ಲದ ಮಸಾಲೆಯೂ ನಿರಪಾಯವಲ್ಲ. ಇದು ಮುಪ್ಪಿನವರೆಗೆ ಕಾಯುವುದಿಲ್ಲ, ಯುವಕರಲ್ಲಿಯೂ ಕಾಣಿಸುತ್ತದೆ. ಈ ತಿಳಿವಿನಿಂದ ಹುಟ್ಟುವ ವಾಕ್ಯ ಹೀಗಿರಬಹುದು:

‘ಪ್ಯಾಕೆಟ್ ಹರಿದ ಬಾಯಿ, ತುತ್ತಿಗೂ ತೆರೆಯದು.’

ಇಲ್ಲಿ ವಸ್ತುವಿನ ಹೆಸರಿದೆ, ಹಲ್ಲಿನಿಂದ ಹರಿಯುವ ಚಿತ್ರವಿದೆ, ಉಪದೇಶವಿಲ್ಲ. ಇದರ ಕೆಳಗೆ ‘ಮೂರು ಬೆರಳು ನಿನ್ನ ಬಾಯಿಗೆ ನೆಟ್ಟಗೆ ಹಿಡಿಯುತ್ತವೆಯೇ?’ ಎಂದು ಕೇಳಿದರೆ ಗುಂಪಿನಲ್ಲಿ ಬಂದ ಮಕ್ಕಳು ನಿಂತಲ್ಲಿಯೇ ಬೆರಳಿಟ್ಟು ನೋಡುತ್ತಾರೆ. ಬೆರಳು ಹಿಡಿಯದವನು ದಂತವೈದ್ಯರನ್ನು ಕಾಣಬೇಕೆಂಬುದನ್ನೂ ಅಲ್ಲಿ ಬರೆದಿರಬೇಕು. ‘ನೀವು’ ಎಂಬುದು ಸರ್ಕಾರಿ ಸೂಚನೆಯಂತೆ ಕೇಳುವುದರಿಂದ ಇಲ್ಲಿ ‘ನೀನು’ ಎಂಬ ಸಂಬೋಧನೆಯೇ ತಕ್ಕದ್ದೆಂದು ನಮ್ಮ ಅಭಿಪ್ರಾಯ.

ಉತ್ಸಾಹದಲ್ಲಿ ನಡೆಯುವ ಒಂದು ತಪ್ಪನ್ನು ಗಮನಿಸಬೇಕು. ‘ಇಂದಿನ ಮಕ್ಕಳೆಲ್ಲ ಚಟಕ್ಕೆ ಬಲಿ’ ಎಂಬ ಧಾಟಿಯ ಘೋಷಣೆ, ಎಲ್ಲರೂ ಮಾಡುತ್ತಿದ್ದಾರೆ ಎಂಬ ಸುದ್ದಿಯನ್ನೇ ಮಕ್ಕಳಿಗೆ ಮುಟ್ಟಿಸುತ್ತದೆ. ವಾಸ್ತವ ಹಾಗಿಲ್ಲ. 2019ರ ರಾಷ್ಟ್ರೀಯ ಯುವ ತಂಬಾಕು ಸಮೀಕ್ಷೆಯಂತೆ 13ರಿಂದ 15 ವರ್ಷದ ವಿದ್ಯಾರ್ಥಿಗಳಲ್ಲಿ ತಂಬಾಕು ಬಳಸುತ್ತಿದ್ದವರು ಶೇ. 8.5ರಷ್ಟು. ಹಾಗಾಗಿ ‘ನಿನ್ನ ಓರಗೆಯ ನೂರರಲ್ಲಿ ತೊಂಬತ್ತೊಂದು ಮಂದಿ ಬಳಸುತ್ತಿಲ್ಲ; ನೀನು ಯಾರ ಕಡೆ?’ ಎಂದು ಬರೆಯಬಹುದು. ‘ಬಳಸುತ್ತಿಲ್ಲ’ ಎಂಬ ಪದವನ್ನು ‘ಮುಟ್ಟಿಯೇ ಇಲ್ಲ’ ಎಂದು ಬದಲಿಸಬಾರದು. ಒಮ್ಮೆ ರುಚಿ ನೋಡಿದವರ ಸಂಖ್ಯೆ ಇದಕ್ಕಿಂತ ಹೆಚ್ಚು. ಅದನ್ನು ಬಲ್ಲ ಮಕ್ಕಳು ಫಲಕವನ್ನೇ ಸುಳ್ಳೆನ್ನುತ್ತಾರೆ.

ಮೂರನೆಯ ದಾರಿ ಸ್ವಾಭಿಮಾನದ್ದು. ಅಮೆರಿಕದ ಫ್ಲಾರಿಡಾದಲ್ಲಿ 1998ರಲ್ಲಿ ಆರಂಭವಾದ ‘ಟ್ರೂತ್’ ಎಂಬ ಅಭಿಯಾನವು ರೋಗದ ಭಯಕ್ಕಿಂತ ಹೆಚ್ಚಾಗಿ, ಕಂಪನಿಗಳು ಹರೆಯದವರನ್ನು ಹೇಗೆ ಗ್ರಾಹಕರನ್ನಾಗಿಸುತ್ತವೆ ಎಂಬುದನ್ನು ಬಯಲಿಗೆಳೆಯಿತು. ಅದೇ ಕಾಲದಲ್ಲಿ ತಂಬಾಕು ಕಂಪನಿಯೊಂದು ತಾನೇ ನಡೆಸಿದ, ‘ಯೋಚಿಸು, ಸೇದಬೇಡ’ ಎಂಬರ್ಥದ ಪ್ರಚಾರ ಅಷ್ಟು ಫಲ ನೀಡಲಿಲ್ಲ. ನಮ್ಮಲ್ಲಿ ಇದನ್ನು ‘ಅಂಗಡಿಯ ಮುಂದೆ ತೂಗುವ ಸರ ಯಾರ ಕೊರಳಿಗೆ?’ ಎಂದು ಹೇಳಬಹುದು. ಪ್ಯಾಕೆಟ್ಟುಗಳ ತೋರಣ ಎದುರಿಗೇ ತೂಗುವ ಜಾಗದಲ್ಲಿ ಇದಕ್ಕೆ ವಿವರಣೆ ಬೇಕಿಲ್ಲ.

ಅಂಗಡಿಯವರಿಗೆ ಹೇಳಬೇಕಾದ್ದನ್ನು ಮಕ್ಕಳ ಫಲಕದಲ್ಲಿ ಬೆರೆಸದಿರುವುದು ಒಳಿತು. 2003ರ ಕೇಂದ್ರ ಕಾಯ್ದೆಯ 6ನೆಯ ವಿಧಿ ಹದಿನೆಂಟು ತುಂಬದವರಿಗೆ ಮಾರುವುದನ್ನೂ, ಶಿಕ್ಷಣ ಸಂಸ್ಥೆಯಿಂದ 100 ಗಜದೊಳಗೆ, ಎಂದರೆ ಸುಮಾರು 91 ಮೀಟರಿನೊಳಗೆ, ಮಾರುವುದನ್ನೂ ನಿಷೇಧಿಸಿತು. ಕರ್ನಾಟಕದ ತಿದ್ದುಪಡಿಯು ವಯಸ್ಸನ್ನು 21ಕ್ಕೆ ಏರಿಸಿದೆ. ಗಡಿಯಲ್ಲಿ ರಸ್ತೆಯ ಮೇಲೆ ಹಳದಿ ಗೆರೆ ಎಳೆದು ‘ಈ ಗೆರೆಯೊಳಗೆ ತಂಬಾಕು ಮಾರುವುದು ಅಪರಾಧ’ ಎಂದಷ್ಟೇ ಬರೆದರೆ ಸಾಕು. ಅಲ್ಲಿ ಪ್ರಾಸ, ಚಮತ್ಕಾರ ಬೇಡ. ಗೆರೆ ಇಲ್ಲದೆ, ಒಳಗಿನ ಅಂಗಡಿ ಮುಚ್ಚದೆ, ಫಲಕವೊಂದರಿಂದಲೇ ಚಟ ನಿಲ್ಲದು.

ಬರೆಯುವ ಕ್ರಮದ ಬಗೆಗೆ ಎರಡು ಮಾತು. ನಡೆಯುತ್ತಾ ಓದುವವನಿಗೆ ಐದಾರು ಪದಗಳು ಸಾಕು. ಹತ್ತು ಮೀಟರು ಅಗಲದ ರಸ್ತೆಯಾಚೆಯಿಂದ ಕಾಣಬೇಕಾದರೆ ಅಕ್ಷರ ಎಂಟು ಸೆಂಟಿಮೀಟರಿಗಿಂತ ಕಡಿಮೆಯಿರಬಾರದು. ಒತ್ತಕ್ಷರವಿರುವಲ್ಲಿ ಇನ್ನಷ್ಟು ದೊಡ್ಡದಾಗಲಿ. ಬಣ್ಣ ಬಳಿಯುವ ಮುನ್ನ ವಾಕ್ಯವನ್ನು ಎಂಟನೆಯ, ಒಂಬತ್ತನೆಯ ತರಗತಿಯ ಕೆಲವರಿಗೆ ಓದಿಸಿ, ಮರುದಿನ ನೆನಪಿದೆಯೇ ಎಂದು ಕೇಳಬೇಕು. ಈಗಾಗಲೇ ಅಭ್ಯಾಸಕ್ಕೆ ಬಿದ್ದವನಿಗಾಗಿ ಫಲಕದ ಕೆಳಗೆ ರಾಷ್ಟ್ರೀಯ ತಂಬಾಕು ತ್ಯಜನ ಸಹಾಯವಾಣಿಯ ಉಚಿತ ಸಂಖ್ಯೆ 1800-11-2356 ಇರಲಿ.