ಬೊಲೊನ್ಯದ ಗೋಪುರದಿಂದ ಬಿದ್ದ ಮಣ್ಣಿನ ಉಂಡೆ

1632ರಲ್ಲಿ ಹೊರಬಂದ ಸಂವಾದ ಗ್ರಂಥದಲ್ಲಿ ಗೆಲಿಲಿಯೊ ಒಂದು ಲೆಕ್ಕ ಕೊಟ್ಟಿದ್ದಾನೆ. ನೂರು 'ಬ್ರಾಚ್ಯೊ' ಎತ್ತರದಿಂದ ಬಿಟ್ಟ ಕಬ್ಬಿಣದ ಗುಂಡು ಐದು ಸೆಕೆಂಡಿನಲ್ಲಿ ನೆಲ ಮುಟ್ಟುತ್ತದೆ ಎಂಬುದು ಆ ಲೆಕ್ಕ. ಬ್ರಾಚ್ಯೊ ನಮ್ಮ ಮೊಳದಂಥ ಅಳತೆ, ಸುಮಾರು 58 ಸೆಂಟಿಮೀಟರ್. ಅಂದರೆ ಎತ್ತರ 58 ಮೀಟರ್. ಇಂದಿನ ಸೂತ್ರದಂತೆ ಎತ್ತರವನ್ನು ಇಮ್ಮಡಿಸಿ, 9.8ರಿಂದ ಭಾಗಿಸಿ, ವರ್ಗಮೂಲ ತೆಗೆದರೆ ಸಿಗುವುದು ಮೂರೂವರೆ ಸೆಕೆಂಡಿಗೂ ತುಸು ಕಡಿಮೆ. ನಿಜಕ್ಕೂ ಐದು ಸೆಕೆಂಡಿನಲ್ಲಿ ಗುಂಡು ನೂರಿಪ್ಪತ್ತು ಮೀಟರಿಗಿಂತ ಹೆಚ್ಚು ಬೀಳಬಲ್ಲದು.

ಆದರೂ ಗೆಲಿಲಿಯೊನ ನಿಯಮ ಸರಿಯೇ ಇತ್ತು: ಕಾಲ ಇಮ್ಮಡಿಯಾದರೆ ಬಿದ್ದ ದೂರ ನಾಲ್ಮಡಿ. ಈ ಅನುಪಾತಕ್ಕೆ ಸೆಕೆಂಡು ಎಷ್ಟು ಉದ್ದವೆಂದು ಗೊತ್ತಿರಬೇಕಿಲ್ಲ. ಸಮನಾದ ಯಾವ ಕಾಲದ ತುಣುಕಾದರೂ ಸಾಕು. ಇಂತಿಷ್ಟು ಎತ್ತರಕ್ಕೆ ಇಂತಿಷ್ಟು ಹೊತ್ತು ಎನ್ನಲು ಮಾತ್ರ ನಂಬಬಹುದಾದ ಗಡಿಯಾರ ಬೇಕು. ಅದು ಆಗ ಇರಲಿಲ್ಲ.

ಆ ಗಡಿಯಾರವನ್ನು ಕಟ್ಟಲು ಹೊರಟವನು ಜೆಸ್ಯೂಟ್ ಪಾದ್ರಿ ಜೊವಾನ್ನಿ ಬಾತ್ತಿಸ್ತಾ ರಿಚ್ಚೊಲಿ. ಒಂದು ತೂಗಾಟಕ್ಕೆ ಸರಿಯಾಗಿ ಒಂದು ಸೆಕೆಂಡು ಹಿಡಿಯುವ ಲೋಲಕ ಅವನಿಗೆ ಬೇಕಿತ್ತು. 1642ರ ಏಪ್ರಿಲ್‌ನಲ್ಲಿ ಅವನೂ ಗ್ರಿಮಾಲ್ಡಿ ಮೊದಲಾದ ಸಹಪಾದ್ರಿಗಳೂ ಸರದಿಯಲ್ಲಿ ಹಗಲೂ ರಾತ್ರಿ ಕೂತು ತೂಗಾಟಗಳನ್ನು ಎಣಿಸಿದರು. ದಿನವೊಂದಕ್ಕೆ 86,400 ಬರಬೇಕಿತ್ತು, ಬಂದದ್ದು 87,998. ಲೋಲಕ ಸ್ವಲ್ಪ ಗಿಡ್ಡವಾಗಿತ್ತು. ಉದ್ದ ತಿದ್ದಿ ಮತ್ತೆ ಎಣಿಸಿದರು. ಕೊನೆಗೆ, ಸೆಕೆಂಡಿಗೆ ಆರು ಬಾರಿ ತೂಗುವ ಪುಟ್ಟ ಲೋಲಕವನ್ನು ಬೀಳುವಿಕೆಯ ಅಳತೆಗೆ ಸಿದ್ಧಪಡಿಸಿದರು.

ಬೊಲೊನ್ಯದ ಅಸಿನೆಲ್ಲಿ ಗೋಪುರದಿಂದಲೂ ಊರಿನ ಇತರ ಎತ್ತರಗಳಿಂದಲೂ ಎಂಟು ಔನ್ಸ್ ತೂಕದ ಮಣ್ಣಿನ ಉಂಡೆಗಳು ಬಿದ್ದವು. ರೋಮನ್ ಅಡಿಗಳಲ್ಲಿ ಫಲಿತಾಂಶ ಹೀಗಿತ್ತು: 6 ತೂಗಾಟಕ್ಕೆ 15 ಅಡಿ, 12ಕ್ಕೆ 60, 18ಕ್ಕೆ 135, 24ಕ್ಕೆ 240. ಒಂದೊಂದು ಸೆಕೆಂಡಿನಲ್ಲಿ ಬಿದ್ದದ್ದು 15, 45, 75, 105 ಅಡಿ, ಅಂದರೆ 1, 3, 5, 7ರ ಅನುಪಾತ. ಅಸಿನೆಲ್ಲಿಯ 280 ಅಡಿಗೆ 26 ತೂಗಾಟ ಬೇಕಾಯಿತು. ನಿಯಮದ ಪ್ರಕಾರ ಅಷ್ಟು ಹೊತ್ತಿಗೆ ಬೀಳಬೇಕಾದದ್ದು 282 ಅಡಿಯ ಹತ್ತಿರ.

ರಿಚ್ಚೊಲಿ ಭೂಮಿ ಸುತ್ತುತ್ತದೆಂಬ ವಾದವನ್ನು ಒಪ್ಪದವನು. ಈ ವಿಷಯದಲ್ಲೂ ಗೆಲಿಲಿಯೊ ತಪ್ಪಿರಬಹುದೆಂದೇ ಅವನು ಶಂಕಿಸಿದ್ದ. ಅಂಕಿಗಳು ಕೈಗೆ ಬಂದ ಮೇಲೆ ಅವನೂ ಗ್ರಿಮಾಲ್ಡಿಯೂ ಅದೇ ಊರಿನಲ್ಲಿದ್ದ ಗೆಲಿಲಿಯೊನ ಶಿಷ್ಯ ಕವಲಿಯೇರಿಯ ಬಳಿಗೆ ಹೋಗಿ, ಅನುಪಾತ ನಿಜವೆಂದು ತಿಳಿಸಿದರು. 1651ರ ತನ್ನ 'ಅಲ್ಮಾಜೆಸ್ಟಮ್ ನೋವಮ್' ಗ್ರಂಥದಲ್ಲಿ ಅವನು ಅದನ್ನೇ ಅಚ್ಚು ಹಾಕಿಸಿದ. ಐದು ಸೆಕೆಂಡಿನ ಲೆಕ್ಕವನ್ನು ಮಾತ್ರ ಒಪ್ಪಲಿಲ್ಲ.

ಸಮಗಾತ್ರದ ಎರಡು ಉಂಡೆಗಳಲ್ಲಿ ಒಂದನ್ನು ಟೊಳ್ಳು ಮಾಡಿ ಜೊತೆಯಾಗಿ ಬಿಟ್ಟಾಗ, ಹಗುರಾದದ್ದು ಹಿಂದೆ ಬಿತ್ತು. ಅಷ್ಟೆತ್ತರದಿಂದ ಬೀಳುವಾಗ ಗಾಳಿಯ ತಡೆ ಕಣ್ಣಿಗೇ ಕಾಣುತ್ತದೆ. ಅದನ್ನು ಬದಿಗಿಟ್ಟ ಸೂತ್ರ ಹೇಳುವುದು, ಕಲ್ಲು ನೆಲ ಮುಟ್ಟಲು ಬೇಕಾದ ಕನಿಷ್ಠ ಹೊತ್ತನ್ನು.