ಚಂದ್ರ ‘ಖಾಲಿ’ ಇದ್ದಾಗ ಸಹಿ ಹಾಕಬಾರದೇ? ಫಾರ್ವರ್ಡ್‌ನ ಲೆಕ್ಕ ನೋಡೋಣ

ಫಾರ್ವರ್ಡ್ ಏನು ಹೇಳುತ್ತದೆ?
‘ಇಂದು ಚಂದ್ರ ವಾಯ್ಡ್ ಆಫ್ ಕೋರ್ಸ್. ಕರಾರಿಗೆ ಸಹಿ ಹಾಕಬೇಡಿ. ಬುಧ ಹೋರೆ ಬರುವವರೆಗೆ ಕಾಯಿರಿ.’ ಇಂಥ ಮೆಸೇಜ್ ನಿಮಗೂ ಬಂದಿರಬಹುದು. ಇದು ಪಾಶ್ಚಾತ್ಯ ಮುಹೂರ್ತ ಪದ್ಧತಿಯ ಮಾತು.

ಹೋರೆ ಹೇಗೆ ಎಣಿಸುತ್ತಾರೆ?
ಶನಿ, ಗುರು, ಕುಜ, ರವಿ, ಶುಕ್ರ, ಬುಧ, ಚಂದ್ರ ಎಂಬ ಕ್ರಮದಲ್ಲಿ ಹೋರೆಗಳು ತಿರುಗುತ್ತವೆ. ಸೂರ್ಯೋದಯದ ಮೊದಲ ಹೋರೆ ಆ ವಾರದ ಒಡೆಯನದು. ಇಷ್ಟರ ಮಟ್ಟಿಗೆ ನಮ್ಮ ಪಂಚಾಂಗವೂ ಅದೂ ಒಂದೇ. ಆದರೆ ಪಂಚಾಂಗಗಳಲ್ಲಿ ಸಾಮಾನ್ಯವಾಗಿ ಒಂದು ಹೋರೆ ಎಂದರೆ 60 ನಿಮಿಷ. ಪಾಶ್ಚಾತ್ಯರು ಸೂರ್ಯೋದಯದಿಂದ ಸೂರ್ಯಾಸ್ತದವರೆಗಿನ ಹೊತ್ತನ್ನು 12 ಸಮಭಾಗ ಮಾಡುತ್ತಾರೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಸಾರಕ್ಕಿಯಲ್ಲಿ ಅಂಗಡಿ ಬಾಡಿಗೆ ಕರಾರಿಗೆ ಜೂನ್ ಕೊನೆಯ ಭಾಗದ ಒಂದು ಬುಧವಾರ ಸಹಿ ಆಗಬೇಕಿದೆ ಎನ್ನಿ. ಆಗ ಬೆಂಗಳೂರಿನಲ್ಲಿ ಸೂರ್ಯೋದಯ ಸುಮಾರು 5.54ಕ್ಕೆ, ಸೂರ್ಯಾಸ್ತ 6.48ಕ್ಕೆ. ಹಗಲು 774 ನಿಮಿಷ, ಒಂದು ಭಾಗಕ್ಕೆ 64 ನಿಮಿಷ 30 ಸೆಕೆಂಡ್. ಬುಧವಾರ ಮೊದಲ ಹೋರೆ ಬುಧನದು, ಮತ್ತೆ ಎಂಟನೆಯದೂ ಅವನದೇ. 60 ನಿಮಿಷದ ಲೆಕ್ಕದಲ್ಲಿ ಎಂಟನೆಯದು 12.54ರಿಂದ 1.54ರವರೆಗೆ. ಪಾಶ್ಚಾತ್ಯ ಲೆಕ್ಕದಲ್ಲಿ ಸುಮಾರು 1.25ರಿಂದ 2.30ರವರೆಗೆ. ಮಧ್ಯಾಹ್ನ ಒಂದು ಗಂಟೆಗೆ ಸಹಿ ಹಾಕಿದರೆ ಒಂದು ಲೆಕ್ಕಕ್ಕೆ ಬುಧ ಹೋರೆ, ಇನ್ನೊಂದಕ್ಕೆ ಶುಕ್ರ ಹೋರೆ!

ಚಂದ್ರ ‘ಖಾಲಿ’ ಆಗುವುದು ಯಾವಾಗ?
ಚಂದ್ರ ಒಂದು ರಾಶಿಯಲ್ಲಿ ಸುಮಾರು ಎರಡೂಕಾಲು ದಿನ ಇರುತ್ತಾನೆ. ಅಲ್ಲಿಂದ ಹೊರಡುವ ಮೊದಲು ಬೇರೆ ಗ್ರಹಗಳೊಂದಿಗೆ 0, 60, 90, 120 ಅಥವಾ 180 ಡಿಗ್ರಿಯ ಕೊನೆಯ ಕೋನ ಮುಗಿದ ಮೇಲೆ ಉಳಿಯುವ ಹೊತ್ತೇ ವಾಯ್ಡ್. ಅದು ಕೆಲವು ನಿಮಿಷವೂ ಇರಬಹುದು, ಒಂದು ದಿನ ದಾಟಲೂಬಹುದು.

ಇಲ್ಲಿಯೂ ತೊಡಕಿದೆ. ಹಳೆಯ ಜ್ಯೋತಿಷಿಗಳು ಶನಿಯವರೆಗಿನ ಗ್ರಹಗಳನ್ನಷ್ಟೇ ಎಣಿಸುತ್ತಿದ್ದರು. ಈಗಿನ ಬಹಳಷ್ಟು ಪಟ್ಟಿಗಳಲ್ಲಿ 1781ರಲ್ಲಿ ಕಂಡ ಯುರೇನಸ್, 1846ರ ನೆಪ್ಚೂನ್, 1930ರ ಪ್ಲುಟೊ ಕೂಡ ಸೇರಿವೆ. ಕೋನಗಳು ಹೆಚ್ಚಾದಾಗ ಅದೇ ದಿನದ ‘ಖಾಲಿ’ ಹೊತ್ತು ಚಿಕ್ಕದಾಗಬಹುದು. ಇನ್ನು, ಪಾಶ್ಚಾತ್ಯ ರಾಶಿಚಕ್ರಕ್ಕೂ ನಮ್ಮ ಪಂಚಾಂಗದ್ದಕ್ಕೂ ಸುಮಾರು 24 ಡಿಗ್ರಿ ಅಂತರ. ಚಂದ್ರ ದಿನಕ್ಕೆ ಸುಮಾರು 13 ಡಿಗ್ರಿ ಸಾಗುತ್ತಾನೆ. ಹಾಗಾಗಿ ಅವರ ಲೆಕ್ಕದಲ್ಲಿ ರಾಶಿ ಬದಲಾಗಿ ಹೆಚ್ಚುಕಡಿಮೆ ಎರಡು ದಿನದ ಮೇಲೆ ಪಂಚಾಂಗದಲ್ಲಿ ಬದಲಾಗುತ್ತದೆ. ಒಬ್ಬರಿಗೆ ‘ಖಾಲಿ’ಯಾದ ಚಂದ್ರ ಇನ್ನೊಬ್ಬರಿಗೆ ಹಾಗಿರಬೇಕಿಲ್ಲ.

ಸಮಯ ಯಾವ ಊರಿನದು?
ನ್ಯೂಯಾರ್ಕ್ ಸಮಯದ ಪಟ್ಟಿಯನ್ನು ಹಾಗೇ ಫಾರ್ವರ್ಡ್ ಮಾಡಿದರೆ ಬೇಸಿಗೆಯಲ್ಲಿ ಒಂಬತ್ತೂವರೆ ಗಂಟೆ ತಪ್ಪುತ್ತದೆ. ವಾಯ್ಡ್ ಹೊತ್ತನ್ನು ಆ ಗಂಟೆ ಕೂಡಿಸಿ ಸರಿಪಡಿಸಬಹುದು. ಹೋರೆಗೆ ಅದು ಸಾಲದು, ಬೆಂಗಳೂರಿನ ಸೂರ್ಯೋದಯದಿಂದಲೇ ಹೊಸದಾಗಿ ಎಣಿಸಬೇಕು.

ಕೊನೆಗೆ
ಗ್ರಹಗಳ ಚಲನೆಯ ಲೆಕ್ಕ ನಿಜ. ಆ ಹೊತ್ತಿನಲ್ಲಿ ಹಾಕಿದ ಸಹಿ ಕೆಡುತ್ತದೆ ಎಂಬುದಕ್ಕೆ ಪುರಾವೆಯಿಲ್ಲ. ನಂಬಿಕೆಯಿಂದ ಒಂದು ಗಂಟೆ ಕಾದರೆ ನಷ್ಟವಿಲ್ಲ. ಆದರೆ ಮೆಸೇಜ್ ನೋಡಿ ಕರಾರು ಮುಂದೂಡಿದರೆ ಅಂಗಡಿ ಬೇರೆಯವರ ಪಾಲಾಗಬಹುದು, ಕೊಟ್ಟ ಅಡ್ವಾನ್ಸ್‌ಗೂ ತಕರಾರು ಬರಬಹುದು. ಕಾಯುವ ಆ ಹೊತ್ತಿನಲ್ಲಿ ಕರಾರಿನ ಷರತ್ತುಗಳನ್ನು ಇನ್ನೊಮ್ಮೆ ಓದಿಕೊಳ್ಳಿ.